ಆಂಜಿಯೋಗ್ರಾಂ ಆಯ್ತು, ಈಗ ಸ್ಟೆಂಟೋ ಬೈಪಾಸೋ?

(ಗೋಣಿಕೊಪ್ಪದಲ್ಲಿ ಊರವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಾರ್ಟಿನ ಬಗ್ಗೆ ಎಲ್ಲವನ್ನೂ ಹೇಳಲು ಹೊರಟರೆ ಇವತ್ತು ನಿಮಗೆ ರಾತ್ರಿ ಊಟ ತಪ್ಪುತ್ತದೆ. ಹಾಗಾಗಿ ಒಂದೇ ಒಂದು ಸಂದರ್ಭ ಹಿಡಿದುಕೊಳ್ಳುತ್ತೇನೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಕ್ಯಾಥ್ ಲ್ಯಾಬ್ ಹೊರಗೆ ನೀವು ಕೂತಿದ್ದೀರಿ. ಒಳಗೆ ಮನೆಯ ಯಜಮಾನರಿಗೆ ಆಂಜಿಯೋಗ್ರಾಂ ನಡೆಯುತ್ತಿದೆ. ಬಾಗಿಲು ತೆಗೆದು ಡಾಕ್ಟರು ಹೊರಗೆ ಬರುತ್ತಾರೆ. "ಮೂರು ಬ್ಲಾಕ್ ಇದೆ. ಸ್ಟೆಂಟ್ ಹಾಕಬಹುದು, ಇಲ್ಲ ಬೈಪಾಸ್ ಮಾಡಿಸಬಹುದು. ಏನು ಮಾಡೋಣ?" ಅನ್ನುತ್ತಾರೆ. ಕೈಗೆ ಒಂದು ಫಾರಂ ಬರುತ್ತದೆ. ಪೇಷಂಟ್ ಇನ್ನೂ ಟೇಬಲ್ ಮೇಲೆಯೇ ಇದ್ದಾರೆ.

ನಮ್ಮ ಜಿಲ್ಲೆಯ ಎಷ್ಟೋ ಮನೆಗಳವರು ಆಗ ಫೋನ್ ಮಾಡುವುದು ಇಲ್ಲಿನ ತಮ್ಮ ಡಾಕ್ಟರಿಗೆ. ನನಗೂ ಅಂಥ ಫೋನ್ ಬರುತ್ತಲೇ ಇರುತ್ತದೆ. ನಾನು ಹಾರ್ಟ್ ಸರ್ಜನ್ ಅಲ್ಲ, ಸ್ಟೆಂಟ್ ಹಾಕುವವನೂ ಅಲ್ಲ. ಪೇಷಂಟನ್ನು ಕಳಿಸುವವನು, ವಾಪಸ್ ಬಂದಮೇಲೆ ನೋಡಿಕೊಳ್ಳುವವನು. ಮನೆಯವರ ಪಕ್ಕದಲ್ಲಿ ನಿಂತು ನೋಡಿದ್ದನ್ನೇ ಹೇಳುತ್ತೇನೆ. ಇಲ್ಲಿ ಹೇಳುವ ಮನೆ ಒಂದೇ ಮನೆಯಲ್ಲ. ನಾಲ್ಕೈದು ಮನೆಗಳ ಕತೆ ಸೇರಿಸಿ ಮಾಡಿದ್ದು. ಯಾರೂ ಪಕ್ಕದವರ ಮುಖ ನೋಡಬೇಡಿ.

ಯಜಮಾನರಿಗೆ 61 ವರ್ಷ. ನಾಪೋಕ್ಲು ಕಡೆ ತೋಟ. ಶುಗರ್ ಬಂದು ಹದಿನಾಲ್ಕು ವರ್ಷ. ಕಣದಿಂದ ಮನೆಗೆ ಏರು ಹತ್ತುವಾಗ ಎದೆಯ ನಡುವೆ ಏನೋ ಹಿಡಿದ ಹಾಗೆ, ಭಾರ ಇಟ್ಟ ಹಾಗೆ ಆಗುತ್ತಿತ್ತು. ಒಮ್ಮೊಮ್ಮೆ ಎಡ ದವಡೆಗೂ ಏರುತ್ತಿತ್ತು. ನಿಂತರೆ ಮೂರು ನಾಲ್ಕು ನಿಮಿಷದಲ್ಲಿ ಸರಿ. "ನಿನ್ನೆ ಪಂದಿ ಕರಿ ಜಾಸ್ತಿ ಆಯ್ತು, ಗ್ಯಾಸು" ಅಂತ ಸೋಡಾ ಕುಡಿದುಕೊಂಡು ಎರಡು ತಿಂಗಳು ತಳ್ಳಿದರು. ಗ್ಯಾಸಿಗೆ ಏರು ಯಾವುದು, ಇಳಿಜಾರು ಯಾವುದು ಗೊತ್ತಾಗುವುದಿಲ್ಲ. ನಡೆದಾಗ ಬಂದು, ನಿಂತಾಗ ಹೋಗುವ ಎದೆ ಬಿಗಿತವನ್ನು ಹಾರ್ಟಿನದು ಅಂತಲೇ ಮೊದಲು ನೋಡಬೇಕು. ಇದಕ್ಕೆ ಆಂಜೈನಾ ಅನ್ನುತ್ತಾರೆ.

ಸುಮ್ನೆ ಮಲಗಿದ್ದಾಗ ತೆಗೆದ ಇಸಿಜಿ ಪೂರ್ತಿ ನಾರ್ಮಲ್ ಇತ್ತು. ಅದರಲ್ಲಿ ಆಶ್ಚರ್ಯ ಇಲ್ಲ. ಮಲಗಿದ್ದಾಗ ಹಾರ್ಟಿಗೆ ಬೇಕಾಗುವ ರಕ್ತ ಕಡಿಮೆ. ಕಿರಿದಾದ ನಾಳವೂ ಅಷ್ಟನ್ನು ಹೇಗೋ ಸಾಗಿಸುತ್ತದೆ. ಟ್ರೆಡ್‌ಮಿಲ್ ಮೇಲೆ ನಡೆಸಿದಾಗ ನಾಲ್ಕನೇ ನಿಮಿಷಕ್ಕೇ ಇಸಿಜಿ ಬದಲಾಯಿತು, ಎದೆಯೂ ಹಿಡಿಯಿತು. ಎಕೋದಲ್ಲಿ ಹಾರ್ಟಿನ ಪಂಪಿಂಗ್ 50 ಪರ್ಸೆಂಟ್ ಬಂತು. ಇದನ್ನು ಕೇಳಿ ಅವರ ಹೆಂಡತಿ ಅತ್ತೇಬಿಟ್ಟರು, ಅರ್ಧ ಹಾರ್ಟೇ ಹೋಯಿತು ಅಂತ. ಹಾಗಲ್ಲ. ಒಳ್ಳೆಯ ಹಾರ್ಟೂ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ 55ರಿಂದ 65 ಪರ್ಸೆಂಟ್ ಮಾತ್ರ ಹೊರಗೆ ತಳ್ಳುತ್ತದೆ. ನೂರು ಯಾರಿಗೂ ಇಲ್ಲ. 50 ಅಂದರೆ ಸ್ವಲ್ಪ ಕಡಿಮೆ ಅಷ್ಟೆ.

ಮುಂದಿನದು ಆಂಜಿಯೋಗ್ರಾಂ. ಇದು ಆಪರೇಷನ್ ಅಲ್ಲ, ಚಿಕಿತ್ಸೆಯೂ ಅಲ್ಲ, ಪರೀಕ್ಷೆ. ಮೊದಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡುತ್ತಾರೆ, ಯಾಕೆಂದರೆ ಒಳಗೆ ಬಿಡುವ ಡೈ ಕಿಡ್ನಿಯ ಮೂಲಕವೇ ಹೊರಗೆ ಹೋಗಬೇಕು. ಶುಗರ್ ಇದ್ದವರು ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಮೊದಲು ಡೈ ಅಲರ್ಜಿ ಆಗಿದ್ದರೆ ಅದನ್ನೂ. ಕೆಲವು ಗಂಟೆ ಹೊಟ್ಟೆ ಖಾಲಿ ಇರಬೇಕು. ಒಳಗೆ ಹೋದಮೇಲೆ ಮಣಿಕಟ್ಟಿನ ಹತ್ತಿರ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಪೇಷಂಟ್ ಎಚ್ಚರವಾಗಿಯೇ ಇರುತ್ತಾರೆ. ನಾಡಿ ನೋಡುವ ನಾಳದೊಳಗೆ ಎರಡು ಮಿಲಿಮೀಟರ್ ಆಸುಪಾಸಿನ ತೆಳು ಕೊಳವೆ ಹಾಕಿ, ಅದರ ಮೂಲಕ ಇನ್ನೊಂದು ಉದ್ದ ಕೊಳವೆಯನ್ನು ಭುಜದ ಹಾದಿಯಲ್ಲಿ ಹಾರ್ಟಿನ ಬುಡದವರೆಗೆ ತಳ್ಳುತ್ತಾರೆ. ನಾಳದ ಒಳಗೆ ನೋವು ತಿಳಿಯುವ ನರ ಇಲ್ಲ, ಹಾಗಾಗಿ ಅದು ಸಾಗುವುದು ಗೊತ್ತಾಗುವುದಿಲ್ಲ. ಕೆಲವರ ಕೈ ನಾಳ ಬಿಗಿದುಕೊಳ್ಳುತ್ತದೆ. ಆಗ ತೊಡೆಸಂದಿನಿಂದ ಹೋಗುತ್ತಾರೆ.

ಡೈ ಬಿಟ್ಟಾಗ ಎಕ್ಸ್‌ರೇ ಪರದೆಯ ಮೇಲೆ ಹಾರ್ಟಿನ ನಾಳಗಳು ಕಪ್ಪು ಗೆರೆಗಳಾಗಿ ಮೂಡುತ್ತವೆ. ಎರಡು ಮೂರು ಬಡಿತದಲ್ಲಿ ಡೈ ತೊಳೆದುಹೋಗಿ ಗೆರೆ ಅಳಿಸುತ್ತದೆ. ಇನ್ನೊಂದು ಕೋನದಿಂದ ಮತ್ತೆ ಬಿಡುತ್ತಾರೆ. ಹೀಗೆ ಏಳೆಂಟು ಚಿಕ್ಕ ವಿಡಿಯೋ. ಒಳ್ಳೆಯ ನಾಳ ಬುಡದಿಂದ ತುದಿಗೆ ಮೆಲ್ಲಗೆ ಸಣ್ಣಗಾಗುತ್ತಾ ಹೋಗುತ್ತದೆ. ಬ್ಲಾಕ್ ಇದ್ದ ಕಡೆ ಗೆರೆಗೆ ಸೊಂಟ ಕಟ್ಟಿದ ಹಾಗೆ ಕಾಣುತ್ತದೆ. ತೊಂದರೆ ಇಲ್ಲದಿದ್ದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ಮಣಿಕಟ್ಟಿಗೆ ಗಾಳಿ ತುಂಬಿದ ಪಟ್ಟಿ ಕಟ್ಟಿ, ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟು ಕೆಲವು ಗಂಟೆಯಲ್ಲಿ ಬಿಚ್ಚುತ್ತಾರೆ. ಪ್ರಾಣಕ್ಕೆ ಅಪಾಯ, ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಇಂಥ ದೊಡ್ಡ ತೊಂದರೆ ಸಾವಿರಕ್ಕೆ ಒಬ್ಬಿಬ್ಬರಿಗೆ ಆಗುತ್ತದೆ. ಮನೆಗೆ ಬಂದಮೇಲೆ ಆ ಜಾಗ ಊದಿಕೊಂಡರೆ, ರಕ್ತ ಜಿನುಗಿದರೆ, ಬೆರಳು ತಣ್ಣಗಾಗಿ ಜೋಮು ಹಿಡಿದರೆ ಕಾಯಬೇಡಿ. ರಕ್ತ ಬರುತ್ತಿದ್ದರೆ ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ನಮ್ಮ ಯಜಮಾನರ ರಿಪೋರ್ಟಿನಲ್ಲಿ ಹೀಗಿತ್ತು. ಎಲ್‌ಎಡಿ ಎಂಬ ಮುಂದಿನ ನಾಳದಲ್ಲಿ ಬುಡದ ಹತ್ತಿರವೇ 80 ಪರ್ಸೆಂಟ್, ಅದೂ ಉದ್ದಕ್ಕೆ. ಎಡಬದಿಯ ಸರ್ಕಂಫ್ಲೆಕ್ಸ್ ನಾಳದ ಕವಲಿನಲ್ಲಿ 70. ಬಲಗಡೆಯ ಆರ್‌ಸಿಎಯಲ್ಲಿ 90. ಮನೆಯವರ ಕಣ್ಣು ನೇರ ಹೋಗಿದ್ದು ಆ 90ಕ್ಕೆ. "ಇನ್ನು ಹತ್ತೇ ಪರ್ಸೆಂಟ್ ಉಳಿದಿರೋದಾ ಡಾಕ್ಟ್ರೇ?"

ಈ ಪರ್ಸೆಂಟ್ ಬಗ್ಗೆ ಸ್ವಲ್ಪ ನಿಲ್ಲೋಣ. ಹೆಚ್ಚಿನ ಕಡೆ ಇದು ಡಾಕ್ಟರು ಪರದೆ ನೋಡಿ ಕಣ್ಣಂದಾಜಿನಲ್ಲಿ ಹೇಳಿದ್ದು. ಒಬ್ಬರು 70 ಅಂದದ್ದನ್ನು ಇನ್ನೊಬ್ಬರು 60 ಅನ್ನಬಹುದು. ಅದೂ ಅಲ್ಲದೆ ಪರದೆ ತೋರಿಸುವುದು ನಾಳದ ಅಗಲವನ್ನು, ಹರಿಯುವ ರಕ್ತವನ್ನಲ್ಲ. ಎಷ್ಟು ರಕ್ತಕ್ಕೆ ಅಡ್ಡಿಯಾಗಿದೆ ಅಂತ ಅಳೆಯಲು ಬೇರೆ ಪರೀಕ್ಷೆ ಇದೆ, ಎಫ್‌ಎಫ್‌ಆರ್ ಅಂತ. ಕೂದಲಿನಷ್ಟು ತೆಳುವಾದ, ತುದಿಯಲ್ಲಿ ಸೆನ್ಸರ್ ಇರುವ ತಂತಿಯನ್ನು ಬ್ಲಾಕ್ ದಾಟಿಸಿ, ಈಚೆಗೆ ಎಷ್ಟು ಒತ್ತಡ, ಆಚೆಗೆ ಎಷ್ಟು ಅಂತ ನೋಡುತ್ತಾರೆ. ಆಚೆಯದು ಈಚೆಯದರ 80 ಪರ್ಸೆಂಟಿಗಿಂತ ಜಾಸ್ತಿ ಇದ್ದರೆ ಆ ಬ್ಲಾಕಿಗೆ ಸ್ಟೆಂಟ್ ಬೇಡ. ಫೇಮ್ ಎಂಬ ದೊಡ್ಡ ಅಧ್ಯಯನದಲ್ಲಿ ಹೀಗೆ ಅಳೆದು ನೋಡಿದಾಗ, ಕಣ್ಣಿಗೆ 50ರಿಂದ 70 ಅಂತ ಕಂಡ ಬ್ಲಾಕುಗಳಲ್ಲಿ ಮೂರರಲ್ಲಿ ಒಂದು ಮಾತ್ರ ನಿಜಕ್ಕೂ ರಕ್ತ ತಡೆಯುತ್ತಿತ್ತು. 90 ದಾಟಿದವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ತಡೆಯುತ್ತಿದ್ದವು. ಹಾಗಾಗಿ ಒಂದೇ ನಾಳದಲ್ಲಿ "70 ಪರ್ಸೆಂಟ್" ಅಂತ ಬಂದು ನೋವು ಅಷ್ಟಕ್ಕಷ್ಟೇ ಇದ್ದರೆ, "ಎಫ್‌ಎಫ್‌ಆರ್ ನೋಡಬಹುದಾ?" ಅಂತ ಕೇಳುವುದರಲ್ಲಿ ತಪ್ಪಿಲ್ಲ. ಖರ್ಚು ಇದೆ, ಎಲ್ಲ ಕಡೆ ಸಿಗುವುದೂ ಇಲ್ಲ. ಆದರೂ ಬೇಡದ ಸ್ಟೆಂಟಿಗಿಂತ ವಾಸಿ.

ಯಜಮಾನರ ಹೆಂಡತಿ ಫೋನ್ ಮಾಡಿದಾಗ ನಾನು ಪರ್ಸೆಂಟ್ ಕೇಳಲಿಲ್ಲ. "ಅಕ್ಕ, ಅವರಿಗೆ ಈಗ ನೋವಿದೆಯಾ? ಬಿಪಿ ಬಿದ್ದಿದೆಯಾ? ಮಲಗಿದ್ದಾಗ ನೋವು ಬಂದಿತ್ತಾ? ಎಡ ಮುಖ್ಯ ನಾಳದಲ್ಲಿ ಏನಾದರೂ ಅಂದರಾ?" ಇಷ್ಟೇ ಕೇಳಿದೆ. ನಾಲ್ಕಕ್ಕೂ ಇಲ್ಲ ಅಂದರು. "ಹಾಗಿದ್ದರೆ ಇವತ್ತು ಟೇಬಲಿಂದ ಇಳಿಸಲು ಹೇಳಿ. ಮನೆಯಲ್ಲಿ ಮಾತಾಡಿ ನಾಳೆ ನಾಡಿದ್ದು ತಿಳಿಸುತ್ತೇವೆ ಅನ್ನಿ" ಅಂದೆ.

ಬೆಂಗಳೂರಿನಿಂದ ಮಗ ಆಗಲೇ ಫೋನಿನಲ್ಲಿ ಕೂಗಾಡುತ್ತಿದ್ದ. "ಅಮ್ಮ, ಈಗಲೇ ಸ್ಟೆಂಟ್ ಹಾಕಿಸಿ. ಎದೆ ಸೀಳೋದೆಲ್ಲ ಬೇಡ. ಯಾವಾಗ ಬೇಕಾದರೂ ಏನಾದರೂ ಆಗಬಹುದು ಅಂದಿದ್ದಾರೆ." ಈ "ಯಾವಾಗ ಬೇಕಾದರೂ" ಎಂಬ ಮಾತು ನನಗೆ ಅಷ್ಟು ಇಷ್ಟವಿಲ್ಲ. ಸುಳ್ಳಲ್ಲ, ಆದರೆ ಕೇಳಿದವರ ತಲೆ ಓಡದ ಹಾಗೆ ಮಾಡುತ್ತದೆ. ಹಾರ್ಟ್ ಅಟ್ಯಾಕ್ ಆಗುವುದು ನಾಳದ ಗೋಡೆಯಲ್ಲಿ ಕೂತ ಕೊಬ್ಬಿನ ಗಡ್ಡೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ. ಬಿರಿಯುವುದು ಯಾವಾಗಲೂ ಅತಿ ಕಿರಿದಾದ ಜಾಗವೇ ಅಲ್ಲ. 40 ಪರ್ಸೆಂಟಿನ ಮೆತ್ತನೆಯ ಗಡ್ಡೆಯೂ ಬಿರಿಯಬಹುದು. ಸ್ಟೆಂಟ್ ತಾನಿರುವ ಒಂದೆರಡು ಇಂಚನ್ನು ಅಗಲ ಮಾಡುತ್ತದೆ. ಮಿಕ್ಕ ನಾಳವನ್ನು ಕಾಯುವುದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮತ್ತು ಆಸ್ಪಿರಿನ್. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಎಂಬ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದರು. ಎಲ್ಲರಿಗೂ ನಡೆದಾಗ ಮಾತ್ರ ತೊಂದರೆ ಕೊಡುವ, ಸ್ಥಿರವಾದ ಬ್ಲಾಕ್. ಅರ್ಧ ಜನರಿಗೆ ಮೊದಲೇ ಸ್ಟೆಂಟ್ ಇಲ್ಲವೇ ಬೈಪಾಸ್, ಇನ್ನರ್ಧ ಜನರಿಗೆ ಮೊದಲು ಮಾತ್ರೆ. ಸುಮಾರು ಮೂರು ವರ್ಷ ಕಳೆದಮೇಲೂ ಸಾವು ಮತ್ತು ಹಾರ್ಟ್ ಅಟ್ಯಾಕಿನ ಲೆಕ್ಕದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನೋವು ಮಾತ್ರ ಸ್ಟೆಂಟ್, ಬೈಪಾಸ್ ಆದವರಿಗೆ ಚೆನ್ನಾಗಿ ಕಡಿಮೆಯಾಯಿತು.

ಇದನ್ನು ಕೇಳಿ ಏನೂ ಮಾಡಿಸುವುದೇ ಬೇಡ ಅಂತ ಮನೆಗೆ ಹೋಗಬೇಡಿ. ಎಡ ಮುಖ್ಯ ನಾಳ, ಅಂದರೆ ಲೆಫ್ಟ್ ಮೇನ್, ಅರ್ಧ ಮುಚ್ಚಿದ್ದವರನ್ನು ಆ ಅಧ್ಯಯನಕ್ಕೆ ತೆಗೆದುಕೊಂಡೇ ಇರಲಿಲ್ಲ. ಪಂಪಿಂಗ್ 35ಕ್ಕಿಂತ ಕೆಳಗಿದ್ದವರನ್ನೂ. ಎಡ ಮುಖ್ಯ ನಾಳವೇ ಮುಂದೆ ಎರಡಾಗಿ ಒಡೆದು ಎಡಗಡೆಗೆಲ್ಲ ರಕ್ತ ಕೊಡುವುದು. ಅಲ್ಲಿ ಬ್ಲಾಕ್ ಅಂದರೆ ತಿಂಗಳುಗಟ್ಟಲೆ ಯೋಚಿಸುವ ಹಾಗಿಲ್ಲ, ಎಷ್ಟೋ ಸಲ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುತ್ತಾರೆ. ಅದಕ್ಕೇ ಫೋನಿನಲ್ಲಿ ಅದನ್ನು ಕೇಳಿದ್ದು. ಮಲಗಿದ್ದಾಗಲೂ ನೋವು ಬರಲು ಶುರುವಾಗಿದ್ದರೆ, ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಆಗಲೂ ಈ ಸಮಾಧಾನದ ಮಾತು ನಡೆಯುವುದಿಲ್ಲ.

ಸರಿ, ಯಜಮಾನರು ಟೇಬಲಿಂದ ಇಳಿದರು. ಆಂಜಿಯೋಗ್ರಾಂನ ಸಿಡಿ ಕೇಳಿ ಪಡೆದುಕೊಂಡರು. ನೀವೂ ಮರೆಯದೆ ಕೇಳಿ. ಬರೆದ ರಿಪೋರ್ಟ್ ಮಾತ್ರ ಇದ್ದರೆ ಇನ್ನೊಬ್ಬ ಡಾಕ್ಟರು ಅಭಿಪ್ರಾಯ ಹೇಳಲು ಆಗುವುದಿಲ್ಲ, ಅವರು ವಿಡಿಯೋ ನೋಡಬೇಕು. ಎರಡು ದಿನ ಬಿಟ್ಟು ಸ್ಟೆಂಟ್ ಹಾಕುವ ಡಾಕ್ಟರು ಮತ್ತು ಹಾರ್ಟ್ ಸರ್ಜನ್ ಇಬ್ಬರೂ ಕೂತು ಸಿಡಿ ನೋಡಿದರು. ಮನೆಯವರು ಹಟ ಹಿಡಿಯಬೇಕಾದದ್ದು ಇದಕ್ಕೆ. ಸ್ಟೆಂಟ್ ಹಾಕುವವರನ್ನು ಮಾತ್ರ ಕೇಳಿದರೆ ಸ್ಟೆಂಟ್, ಸರ್ಜನ್‌ರನ್ನು ಮಾತ್ರ ಕೇಳಿದರೆ ಬೈಪಾಸ್. ಯಾರದೂ ಕೆಟ್ಟ ಬುದ್ಧಿ ಅಲ್ಲ, ಅವರವರ ಕೈಗೆ ಕೂತ ಕೆಲಸ ಅದು.

ಈಗ ಎರಡೂ ಏನು ಅಂತ ನೋಡೋಣ. ಸ್ಟೆಂಟ್ ಹಾಕುವ ಕೆಲಸಕ್ಕೆ ಆಂಜಿಯೋಪ್ಲಾಸ್ಟಿ ಅನ್ನುತ್ತಾರೆ. ಅದರಲ್ಲಿ ಅದೇ ಮಣಿಕಟ್ಟಿನ ದಾರಿಯಿಂದ ತೆಳು ತಂತಿಯೊಂದನ್ನು ಬ್ಲಾಕಿನಾಚೆಗೆ ದಾಟಿಸುತ್ತಾರೆ. ತಂತಿಯ ಮೇಲೆ ಜಾರಿಕೊಂಡು ಪುಟ್ಟ ಬಲೂನ್ ಹೋಗುತ್ತದೆ. ಬ್ಲಾಕಿನ ಜಾಗದಲ್ಲಿ ಅದನ್ನು ಊದಿಸುತ್ತಾರೆ. ಆ ಕೆಲವು ಸೆಕೆಂಡು ರಕ್ತ ಪೂರ್ತಿ ನಿಲ್ಲುವುದರಿಂದ ಎದೆ ನೋಯಬಹುದು, ಅದನ್ನು ಡಾಕ್ಟರಿಗೆ ಹೇಳಬೇಕು. ಕೊಬ್ಬು ಕರಗುವುದಿಲ್ಲ, ಹೊರಗೂ ಬರುವುದಿಲ್ಲ, ಗೋಡೆಗೆ ಒತ್ತಿಕೊಳ್ಳುತ್ತದೆ. ಬಲೂನ್ ಒಂದನ್ನೇ ಬಳಸಿದರೆ ನಾಳ ಮತ್ತೆ ಕುಗ್ಗಬಹುದು. ಅದಕ್ಕೆ ಲೋಹದ ಜಾಲರಿಯ ಸ್ಟೆಂಟನ್ನು ಅಲ್ಲೇ ಅರಳಿಸಿ ಬಿಡುತ್ತಾರೆ. ಅಗಲ ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಮಿಲಿಮೀಟರ್. ಈಗಿನವುಗಳ ಮೇಲೆ ಔಷಧಿ ಲೇಪ ಇರುತ್ತದೆ, ಗಾಯ ಮಾಯುವಾಗ ಒಳಗೆ ಮಾಂಸ ಜಾಸ್ತಿ ಬೆಳೆದು ಮತ್ತೆ ಮುಚ್ಚದಿರಲಿ ಅಂತ. ಪ್ಲಾನ್ ಮಾಡಿ ಹಾಕಿದ್ದಾದರೆ ಒಂದೆರಡು ದಿನದಲ್ಲಿ ಮನೆಗೆ.

ಸಭೆಯಲ್ಲಿ ಒಬ್ಬರು ಕೇಳಿದರು, "ಸ್ಟೆಂಟ್ ಬೆಲೆ ಒಂದೊಂದು ಕಡೆ ಒಂದೊಂದು ಹೇಳ್ತಾರಲ್ಲ?" 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಔಷಧಿ ಲೇಪದ್ದಕ್ಕೆ ಆಗ 30 ಸಾವಿರದ ಆಸುಪಾಸು. ಆಮೇಲೆ ಏರುತ್ತಾ 38 ಸಾವಿರ ದಾಟಿದೆ, ತೆರಿಗೆ ಬೇರೆ. ಬಿಲ್ಲಿನಲ್ಲಿ ಸ್ಟೆಂಟಿನದೇ ಸಾಲು ನೋಡಿ. ಮಿಕ್ಕದ್ದು ಲ್ಯಾಬ್, ಬಲೂನ್, ತಂತಿ, ರೂಮು. ಅದಕ್ಕೆ ಈ ಮಿತಿ ಇಲ್ಲ.

ಬೈಪಾಸ್ ಬೇರೆಯೇ ಕೆಲಸ. ಬ್ಲಾಕನ್ನು ಮುಟ್ಟುವುದೇ ಇಲ್ಲ. ತೋಟದ ಸ್ಪ್ರಿಂಕ್ಲರ್ ಲೈನಿನಲ್ಲಿ ಮೇಲಿನ ಅರ್ಧ ಪೈಪ್ ಕೆಟ್ಟಿದೆ ಅಂದುಕೊಳ್ಳಿ. ಒಂದು ಜಾಯಿಂಟ್ ರಿಪೇರಿ ಮಾಡಿದರೆ ಆ ಜಾಗ ಸರಿ ಹೋಯಿತು. ಮುಂದಿನ ವರ್ಷ ಅದರ ಪಕ್ಕದ್ದು ಕೈ ಕೊಡಬಹುದು. ಬದಲಿಗೆ ಹೊಸ ಪೈಪ್ ಎಳೆದು ಕೆಳಗಿನ ಚೆನ್ನಾಗಿರುವ ಭಾಗಕ್ಕೆ ಜೋಡಿಸಿದರೆ, ಮೇಲೆ ಹೊಸದಾಗಿ ಇನ್ನೊಂದು ಕಡೆ ಕಟ್ಟಿಕೊಂಡರೂ ಕೆಳಗೆ ನೀರು ಬರುತ್ತದೆ. ಶುಗರ್ ಇದ್ದವರ ನಾಳದಲ್ಲಿ ಕೊಬ್ಬು ಒಂದೇ ಕಡೆ ಕೂರುವುದಿಲ್ಲ, ಉದ್ದಕ್ಕೂ ಹರಡಿಕೊಳ್ಳುತ್ತದೆ. ಅದಕ್ಕೇ ಶುಗರ್ ಜೊತೆ ಮೂರು ನಾಳದ ಬ್ಲಾಕ್ ಅಂದ ತಕ್ಷಣ ಬೈಪಾಸ್ ಮಾತು ಬರುವುದು.

ಇದು ಬರೀ ತರ್ಕ ಅಲ್ಲ. 2012ರಲ್ಲಿ ಬಂದ ಫ್ರೀಡಂ ಎಂಬ ಅಧ್ಯಯನ ನಮ್ಮ ಯಜಮಾನರಂಥವರ ಮೇಲೆಯೇ ನಡೆದದ್ದು. ಶುಗರ್ ಇರುವ, ಒಂದಕ್ಕಿಂತ ಹೆಚ್ಚು ನಾಳ ಕಟ್ಟಿದ 1,900 ಜನ. ಐದು ವರ್ಷದಲ್ಲಿ ಸ್ಟೆಂಟ್ ಹಾಕಿಸಿಕೊಂಡ ನೂರು ಜನರಲ್ಲಿ ಸುಮಾರು 16 ಮಂದಿ ತೀರಿಕೊಂಡರು, ಬೈಪಾಸ್ ಆದವರಲ್ಲಿ 11. ಹಾರ್ಟ್ ಅಟ್ಯಾಕೂ ಬೈಪಾಸ್ ಆದವರಿಗೆ ಕಡಿಮೆ. ಆದರೆ ಸ್ಟ್ರೋಕ್ ಬೈಪಾಸ್ ಕಡೆಯೇ ಜಾಸ್ತಿ. ನೂರಕ್ಕೆ ಐವರು, ಸ್ಟೆಂಟಿನವರಲ್ಲಿ ಇಬ್ಬರು ಮೂವರು. ಈ ಎರಡನೆಯ ಲೆಕ್ಕವನ್ನು ಯಾರೂ ಮನೆಯವರಿಗೆ ಬಿಡಿಸಿ ಹೇಳುವುದಿಲ್ಲ. ಹೇಳಬೇಕು. ಅದನ್ನು ಕೇಳಿದಮೇಲೂ ಹೆಚ್ಚಿನವರು ಬೈಪಾಸನ್ನೇ ಆರಿಸುತ್ತಾರೆ, ಆದರೆ ತಿಳಿದುಕೊಂಡು ಆರಿಸುತ್ತಾರೆ.

ಬ್ಲಾಕುಗಳು ಎಷ್ಟು ತೊಡಕಿನವು ಅಂತ ಅಂಕ ಕೊಡುವ ಲೆಕ್ಕವೂ ಇದೆ, ಸಿಂಟ್ಯಾಕ್ಸ್ ಸ್ಕೋರ್ ಅಂತ. 22ರವರೆಗೆ ಸರಳ, 33 ಮತ್ತು ಮೇಲೆ ತುಂಬಾ ತೊಡಕು. ಯಜಮಾನರದು 27, ನಡುವೆ. ಶುಗರ್ ಇಲ್ಲದಿದ್ದರೆ, ಸ್ಕೋರ್ 15 ಇದ್ದಿದ್ದರೆ ಮಗನ ಮಾತೇ ಸರಿ ಇರುತ್ತಿತ್ತು, ಸ್ಟೆಂಟ್ ಸಾಕು. 80 ದಾಟಿದವರು, ಶ್ವಾಸಕೋಶ ಕೆಟ್ಟವರು, ಮೊದಲೇ ಸ್ಟ್ರೋಕ್ ಆದವರಾಗಿದ್ದರೂ ಸ್ಟೆಂಟ್ ಕಡೆ ವಾಲುತ್ತಿದ್ದರು. ಬೈಪಾಸ್ ಮಾಡಲು ಇನ್ನೊಂದು ಬೇಕು. ಬ್ಲಾಕಿನಾಚೆ ನಾಳ ಹೊಲಿಯುವಷ್ಟು ಚೆನ್ನಾಗಿರಬೇಕು. ಅದನ್ನು ಸರ್ಜನ್ ಸಿಡಿ ನೋಡಿಯೇ ಹೇಳಬೇಕು.

ಇಬ್ಬರು ಡಾಕ್ಟರೂ ಬೈಪಾಸ್ ಅಂದರು. ಮಗ ಬೆಂಗಳೂರಿನಿಂದ ಬಂದ. ಅವನ ಭಯ ಒಂದೇ, "ಎದೆ ಸೀಳ್ತಾರಲ್ಲ ಡಾಕ್ಟ್ರೇ". ಹೌದು, ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಕೊಯ್ದು ತೆರೆಯುತ್ತಾರೆ, ಆಮೇಲೆ ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ಆ ತಂತಿ ಜೀವನಪೂರ್ತಿ ಒಳಗೇ ಇರುತ್ತದೆ. ಎದೆಗೂಡಿನ ಒಳಗೋಡೆಯಲ್ಲಿ ಇಳಿಯುವ ಒಂದು ನಾಳವನ್ನು ಬಿಡಿಸಿ ಎಲ್‌ಎಡಿಗೆ ಹೊಲಿಯುತ್ತಾರೆ. ಬೈಪಾಸಿನ ಜೀವಾಳ ಇದೇ. ಹತ್ತು ವರ್ಷದ ಮೇಲೂ ನೂರರಲ್ಲಿ ತೊಂಬತ್ತು ತೆರೆದೇ ಇರುತ್ತವೆ. ಮಿಕ್ಕ ಎರಡು ನಾಳಕ್ಕೆ ಕಾಲಿನಿಂದ ತೆಗೆದ ರಕ್ತನಾಳ ಬಳಸುತ್ತಾರೆ. ಅದು ಅಷ್ಟು ಬಾಳುವುದಿಲ್ಲ. ಹತ್ತು ವರ್ಷದಲ್ಲಿ ಅರ್ಧದಷ್ಟು ಮುಚ್ಚಬಹುದು. ಮಾತ್ರೆ ಬಿಟ್ಟವರದು, ಬೀಡಿ ಸಿಗರೇಟ್ ಬಿಡದವರದು ಇನ್ನೂ ಬೇಗ. ಕಾಲಿನ ನಾಳ ತೆಗೆದರೆ ಕಾಲಿಗೆ ರಕ್ತ ಸಾಲದೆ ಹೋಗುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಅದು ಚರ್ಮದ ಕೆಳಗಿನ, ರಕ್ತ ವಾಪಸ್ ತರುವ ನಾಳ. ಆಳದಲ್ಲಿ ಬೇರೆ ಇದೆ. ಕೆಲವು ತಿಂಗಳು ಪಾದ ಊದಬಹುದು, ಅಷ್ಟೆ.

ಪ್ಲಾನ್ ಮಾಡಿದ ಬೈಪಾಸಿನಲ್ಲಿ, ಪಂಪಿಂಗ್ ಚೆನ್ನಾಗಿದ್ದರೆ, ಪ್ರಾಣಾಪಾಯ ನೂರಕ್ಕೆ ಒಂದೆರಡು. ಶುಗರ್ ಇದ್ದವರಿಗೆ ಎದೆ ಗಾಯದ ಸೋಂಕಿನ ಭಯ ಜಾಸ್ತಿ, ಅದಕ್ಕೆ ಆಪರೇಷನ್ನಿಗೆ ಮೊದಲು ಶುಗರ್ ಹತೋಟಿಗೆ ತರುತ್ತಾರೆ. ಇಲ್ಲೊಂದು ಸಣ್ಣ ವಿಷಯಕ್ಕೆ ಎಷ್ಟೋ ಮನೆಯವರು ಮೈಸೂರಿನ ಲಾಡ್ಜಿನಲ್ಲಿ ಸುಮ್ನೆ ಕೂರಬೇಕಾಗುತ್ತದೆ. ಆಂಜಿಯೋಗ್ರಾಂಗೆ ಮೊದಲು ಕ್ಲೊಪಿಡೋಗ್ರೆಲ್ ಎಂಬ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ಕೊಟ್ಟಿದ್ದರೆ, ತುರ್ತು ಇಲ್ಲದ ಬೈಪಾಸಿಗೆ ಅದನ್ನು ನಿಲ್ಲಿಸಿ ಐದು ದಿನ ಕಾಯಬೇಕು. ಇಲ್ಲದಿದ್ದರೆ ರಕ್ತ ನಿಲ್ಲುವುದಿಲ್ಲ. ಆಸ್ಪಿರಿನ್ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಯಾವುದನ್ನು ನಿಲ್ಲಿಸಬೇಕು ಅಂತ ಅವರೇ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ.

ಹಣದ ಮಾತು ಒಂದು ನಿಮಿಷ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತುರ್ತು ಅಲ್ಲದ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ಮಡಿಕೇರಿಯಲ್ಲಿ ಅದನ್ನು ಮಾಡಿಸಿಕೊಂಡೇ ಘಾಟಿ ಇಳಿಯಿರಿ, ಅಲ್ಲಿಂದ ವಾಪಸ್ ಓಡಿಬರಬೇಡಿ.

ಇಷ್ಟೂ ಹೊತ್ತು ಹೇಳಿದ್ದು ಟೈಮ್ ಇರುವವರ ಕತೆ. ಟೈಮ್ ಇಲ್ಲದವರದು ಪೂರ್ತಿ ಉಲ್ಟಾ. ಮಳೆಗಾಲದ ರಾತ್ರಿ ಮೂರು ಗಂಟೆಗೆ ಎದೆ ಹಿಡಿದು, ಮೈಯೆಲ್ಲ ಬೆವೆತು, ಕೂತರೂ ನಿಂತರೂ ಇಪ್ಪತ್ತು ನಿಮಿಷವಾದರೂ ಹೋಗದ ನೋವು ಬಂದರೆ ಅದು ಹಾರ್ಟ್ ಅಟ್ಯಾಕ್ ಅಂತಲೇ ತಿಳಿಯಬೇಕು. ಒಂದು ನಾಳ ಪೂರ್ತಿ ಮುಚ್ಚಿದ್ದರೆ ಆ ಕಡೆಯ ಮಾಂಸ ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಆಗ ಸಿಡಿ, ಎರಡನೇ ಅಭಿಪ್ರಾಯ, ಸ್ಕೋರ್ ಯಾವುದೂ ಬೇಡ. ತಕ್ಷಣ ಬಲೂನ್ ಮಾಡುವುದೇ ಒಳ್ಳೆಯದು. ಆದರೆ ಇಸಿಜಿಯಲ್ಲಿ ಗೊತ್ತಾದ ಎರಡು ಗಂಟೆಯೊಳಗೆ ಬಲೂನ್ ಆಗುವ ಹಾಗಿದ್ದರೆ ಮಾತ್ರ. ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್. ಭಾಗಮಂಡಲದಿಂದ ಮಡಿಕೇರಿಗೇ ಒಂದು ಗಂಟೆ. ಮಂಗಳೂರಿಗೆ ಸಂಪಾಜೆ ಘಾಟಿ. ಲೆಕ್ಕ ನೀವೇ ಹಾಕಿ.

ಹಾಗಾಗಿ ನಮ್ಮಂಥ ಊರಿಗೆ ಇನ್ನೊಂದು ದಾರಿ, ಹೆಪ್ಪು ಕರಗಿಸುವ ಇಂಜೆಕ್ಷನ್. ಟೆನೆಕ್ಟೆಪ್ಲೇಸ್ ಅಂತ. ತೂಕ ನೋಡಿ ಒಂದೇ ಸಲ ಕೊಡುತ್ತಾರೆ. ನೋವು ಶುರುವಾದ ಮೊದಲ ಎರಡು ಮೂರು ಗಂಟೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಹನ್ನೆರಡು ಗಂಟೆ ದಾಟಿದರೆ ಕೊಡುವುದಿಲ್ಲ. ಇತ್ತೀಚೆಗೆ ಸ್ಟ್ರೋಕ್ ಆದವರಿಗೆ, ದೊಡ್ಡ ಆಪರೇಷನ್ ಆದವರಿಗೆ, ರಕ್ತಸ್ರಾವ ಇರುವವರಿಗೂ ಕೊಡುವುದಿಲ್ಲ. ಮಿದುಳಿನಲ್ಲಿ ರಕ್ತ ಸೋರುವ ಅಪಾಯ ಸ್ವಲ್ಪ ಇದ್ದೇ ಇದೆ. ಇದನ್ನು ತಾಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡಬೇಕು ಅಂತಲೇ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದದ್ದು. ಇಲ್ಲಿ ತೆಗೆದ ಇಸಿಜಿಯನ್ನು ದೂರದ ದೊಡ್ಡ ಆಸ್ಪತ್ರೆಯವರು ನೋಡಿ ಹೇಳುತ್ತಾರೆ. ನಿಮಗೆ ಹತ್ತಿರದ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಇಸಿಜಿ ಮತ್ತು ಈ ಇಂಜೆಕ್ಷನ್ ಇದೆಯಾ ಅಂತ ಒಂದು ದಿನ ಬಿಡುವಾದಾಗ ಹೋಗಿ ಕೇಳಿ ಇಟ್ಟುಕೊಳ್ಳಿ.

ನನಗೆ ಬೇಸರ ಇರುವುದು ಇಲ್ಲೇ. "ಇಲ್ಲಿ ಏನಿದೆ, ನೇರ ಮೈಸೂರಿಗೇ ಹೋಗೋಣ" ಅಂತ ಜೀಪ್ ಹತ್ತಿಸಿ, ಇಂಜೆಕ್ಷನ್ ಇದ್ದ ಆಸ್ಪತ್ರೆಯ ಗೇಟಿನ ಮುಂದೆಯೇ ಹಾದು ಹೋಗುತ್ತಾರೆ. ಹುಣಸೂರು ದಾಟುವಷ್ಟರಲ್ಲಿ ಹಾರ್ಟಿನ ದೊಡ್ಡ ಭಾಗ ಹೋಗಿರುತ್ತದೆ. ಮೊದಲು ಹತ್ತಿರದಲ್ಲಿ ಇಸಿಜಿ, ಬೇಕಿದ್ದರೆ ಇಂಜೆಕ್ಷನ್, ಆಮೇಲೆ ಆಂಬುಲೆನ್ಸಿನಲ್ಲಿ ಮೈಸೂರು. ಇಂಜೆಕ್ಷನ್ ಆದಮೇಲೂ ಆಂಜಿಯೋಗ್ರಾಂ ಬೇಕು, ಸಾಮಾನ್ಯವಾಗಿ ಮರುದಿನದೊಳಗೆ. ಒಂದೂವರೆ ಗಂಟೆಯಾದರೂ ನೋವು ಇಳಿಯದೆ, ಇಸಿಜಿ ಸುಧಾರಿಸದಿದ್ದರೆ ಹೆಪ್ಪು ಕರಗಿಲ್ಲ ಅಂತ ಅರ್ಥ, ಹೋದ ತಕ್ಷಣ ಬಲೂನ್. ಅದಕ್ಕೇ ಇಂಜೆಕ್ಷನ್ ಕೊಟ್ಟಮೇಲೆ ಅಲ್ಲೇ ಕಾಯಿಸದೆ ಹೊರಡಿಸುವುದು.

ಯಜಮಾನರ ಕತೆಗೆ ಬರೋಣ. ಆಪರೇಷನ್ ನಾಲ್ಕೈದು ಗಂಟೆ. ಎರಡು ದಿನ ಐಸಿಯು. ಮೊದಲ ಬಾರಿ ನೋಡಿದಾಗ ಬಾಯಲ್ಲಿ, ಎದೆಯಲ್ಲಿ, ಕುತ್ತಿಗೆಯಲ್ಲಿ ಪೈಪುಗಳು. ಅದನ್ನು ನೋಡಿಯೇ ಮನೆಯವರು ಕುಸಿಯುತ್ತಾರೆ. ಒಂದೊಂದಾಗಿ ತೆಗೆಯುತ್ತಾರೆ. ಮೂರನೇ ದಿನ ಹಾರ್ಟ್ ತಾಳ ತಪ್ಪಿ ಓಡತೊಡಗಿತು. ಬೈಪಾಸ್ ಆದವರಲ್ಲಿ ಮೂರು ನಾಲ್ಕು ಜನಕ್ಕೆ ಒಬ್ಬರಿಗೆ ಹೀಗೆ ಆಗುತ್ತದೆ, ಹೆಚ್ಚಿನದು ಔಷಧಿಯಿಂದ ಸರಿಹೋಗುತ್ತದೆ. ಎಂಟನೇ ದಿನ ಊರಿಗೆ ಬಂದರು.

ಮನೆಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, ಜೀಪ್ ಯಾವಾಗ ಓಡಿಸಬಹುದು ಅಂತ. ಮೂಳೆ ಕೂಡಲು ಆರರಿಂದ ಹನ್ನೆರಡು ವಾರ ಬೇಕು. ಆರು ವಾರ ಜೀಪ್ ಇಲ್ಲ, ಬೈಕ್ ಇಲ್ಲ. ನಮ್ಮ ರಸ್ತೆಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಕಾಯಿರಿ. ಮೂರು ತಿಂಗಳು ಕಾಫಿ ಮೂಟೆ ಎತ್ತುವ ಹಾಗಿಲ್ಲ, ಏಣಿ ಹತ್ತಿ ಮೆಣಸು ಕೊಯ್ಯುವ ಹಾಗಿಲ್ಲ. ನೀರು ತುಂಬಿದ ಬಕೆಟ್ ಕೂಡ ಬೇಡ. ಕೆಮ್ಮುವಾಗ ದಿಂಬನ್ನು ಎದೆಗೆ ಒತ್ತಿ ಹಿಡಿದುಕೊಳ್ಳಬೇಕು. ಆದರೆ ನಡೆಯಬೇಕು. ಮೊದಲು ಅಂಗಳದಲ್ಲಿ, ಆಮೇಲೆ ಗೇಟಿನವರೆಗೆ, ಏರು ಕೊನೆಗೆ. ಹಸಿವಿಲ್ಲ, ನಿದ್ದೆಯಿಲ್ಲ, ಸುಮ್ನೆ ಕಣ್ಣೀರು ಬರುತ್ತದೆ ಅಂತ ಗಟ್ಟಿ ಆಳುಗಳೂ ಹೇಳುತ್ತಾರೆ. ಕೆಲವು ವಾರದಲ್ಲಿ ಸರಿಹೋಗುವುದು ಜಾಸ್ತಿ. ಹೋಗದಿದ್ದರೆ ಹೇಳಿ, ಅದಕ್ಕೂ ಔಷಧಿ ಇದೆ. ಜ್ವರ ಬಂದರೆ, ಎದೆ ಗಾಯದಿಂದ ನೀರೋ ಕೀವೋ ಬಂದರೆ, ಮಗ್ಗುಲಾದಾಗ ಎದೆಮೂಳೆ ಕಟಕಟ ಅಂದರೆ ಅದೇ ದಿನ ತೋರಿಸಿ.

ಸ್ಟೆಂಟ್ ಆದವರಿಗೆ ಗಾಯದ ಕಾಟ ಇಲ್ಲ, ಮಾತ್ರೆಯ ಕಾಟ. ಆಸ್ಪಿರಿನ್ ಜೊತೆ ಇನ್ನೊಂದು ರಕ್ತ ಹೆಪ್ಪುಗಟ್ಟದ ಮಾತ್ರೆ ಇರುತ್ತದೆ. ನಡೆದಾಗ ಮಾತ್ರ ನೋವಿದ್ದವರಿಗೆ ಸಾಮಾನ್ಯವಾಗಿ ಆರು ತಿಂಗಳು, ಹಾರ್ಟ್ ಅಟ್ಯಾಕ್ ಆದವರಿಗೆ ಒಂದು ವರ್ಷ. ಹೊಸ ಲೋಹದ ಮೇಲೆ ನಾಳದ ಒಳಚರ್ಮ ಬೆಳೆದು ಮುಚ್ಚುವವರೆಗೆ ಅಲ್ಲಿ ರಕ್ತ ಹೆಪ್ಪುಗಟ್ಟಲು ಕಾಯುತ್ತಿರುತ್ತದೆ. ಮೊದಲ ತಿಂಗಳಲ್ಲಿ ಮಾತ್ರೆ ಬಿಟ್ಟರೆ ಸ್ಟೆಂಟೇ ದಿಢೀರನೆ ಮುಚ್ಚಿ ದೊಡ್ಡ ಅಟ್ಯಾಕ್ ಆಗಬಹುದು. ಬಿಡುವುದು ಯಾಕೆ ಗೊತ್ತಾ? ಹೆಚ್ಚಿನ ಸಲ ಹಲ್ಲು ಕೀಳಿಸಲು. ದಂತ ವೈದ್ಯರು "ಐದು ದಿನ ನಿಲ್ಲಿಸಿ ಬನ್ನಿ" ಅನ್ನುತ್ತಾರೆ, ಇವರು ಎರಡನ್ನೂ ನಿಲ್ಲಿಸುತ್ತಾರೆ. ಒಂದೆರಡು ಹಲ್ಲಿಗೆ ಮಾತ್ರೆ ನಿಲ್ಲಿಸಬೇಕಾಗಿಲ್ಲ, ಹತ್ತಿ ಇಟ್ಟು ಸ್ವಲ್ಪ ಹೆಚ್ಚು ಹೊತ್ತು ಕಚ್ಚಿ ಹಿಡಿದರೆ ರಕ್ತ ನಿಲ್ಲುತ್ತದೆ. ಅವರು ಒಪ್ಪದಿದ್ದರೆ ನನಗೆ ಫೋನ್ ಮಾಡಿಸಿ, ನಾನೇ ಮಾತಾಡುತ್ತೇನೆ.